ನೂರನಲವತ್ತು ಜನರಿಗೆ ತಿಂಗಳಿಗೊಂದು ಪತ್ರ

ಪ್ರಶ್ನೆ: ಡೊಂಬಿವಲಿಯಲ್ಲಿ ಹಳೆಯ ಕಟ್ಟಡಗಳ ಸ್ಟ್ರಕ್ಚರಲ್ ಆಡಿಟ್ ಮತ್ತು ರಿಪೇರಿ ಸಲಹೆ ನನ್ನ ಕೆಲಸ. ನನಗೆ ಕೆಲಸ ಕೊಡುವವರು ಹೌಸಿಂಗ್ ಸೊಸೈಟಿಗಳ ಸೆಕ್ರೆಟರಿಗಳು, ಹೆಚ್ಚಿನವರು ನಿವೃತ್ತರು. ಕೆಲವರು ಆರ್ಕಿಟೆಕ್ಟರು. ಇವರು ಯಾರೂ ಫೇಸ್‌ಬುಕ್, ಲಿಂಕ್ಡ್‌ಇನ್ ನೋಡುವವರಲ್ಲ. ಒಂದು ಆಡಿಟ್ ಮುಗಿದರೆ ಮತ್ತೆ ಮೂರು ವರ್ಷ ಮಾತಿಲ್ಲ, ಅಷ್ಟರಲ್ಲಿ ನನ್ನನ್ನು ಮರೆತಿರುತ್ತಾರೆ. ತಿಂಗಳಿಗೊಮ್ಮೆ ಇಮೇಲ್ ಪತ್ರ ಕಳಿಸೋಣ ಅಂದುಕೊಂಡಿದ್ದೇನೆ. ಸುಮಾರು 140 ವಿಳಾಸಗಳಿವೆ. ಏನು ಬರೆಯಬೇಕು, ಯಾವಾಗ ಕಳಿಸಬೇಕು, ಸ್ಪ್ಯಾಮ್‌ಗೆ ಹೋಗದ ಹಾಗೆ ಹೇಗೆ ಕಳಿಸಬೇಕು?
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮೊದಲು ‘ಯಾವಾಗ’ ಎಂಬುದನ್ನು ನೋಡೋಣ. ಅದು ಗೊತ್ತಾದರೆ ‘ಏನು’ ಎಂಬುದು ತಾನಾಗಿ ಸಿಗುತ್ತದೆ.

ಸೊಸೈಟಿಯ ವರ್ಷಕ್ಕೆ ತನ್ನದೇ ಲಯವಿದೆ. ಮುಂಬೈಗೆ ಮುಂಗಾರು ಮುಟ್ಟುವ ಸಾಮಾನ್ಯ ದಿನ ಜೂನ್ 11 ಎಂದು ಹವಾಮಾನ ಇಲಾಖೆ ಇಟ್ಟುಕೊಂಡಿದೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಟೆರೇಸಿನ ಬ್ರಿಕ್ ಬ್ಯಾಟ್ ಕೋಬಾ, ಅಂದರೆ ನೀರಿಳಿಯದಂತೆ ಹಾಕಿದ ಇಟ್ಟಿಗೆ ಚೂರಿನ ಪದರ, ಸರಿಪಡಿಸಿದರೆ ನೀರು ಕಟ್ಟಿ ಕ್ಯೂರಿಂಗ್ ಮಾಡಲು ಒಂದು ವಾರವಾದರೂ ಬೇಕು. ಕೆಲಸಕ್ಕೆ ಎರಡು ವಾರ. ಅದಕ್ಕೂ ಮುಂಚೆ ಮೂರು ಕೊಟೇಶನ್ ತರಿಸಿ ಕಮಿಟಿಯ ಮುಂದಿಡಲು ಮೂರು ನಾಲ್ಕು ವಾರ. ಹೀಗೆ ಲೆಕ್ಕ ಹಾಕಿದರೆ ಸೆಕ್ರೆಟರಿ ಈ ವಿಷಯ ಎತ್ತಬೇಕಾದದ್ದು ಏಪ್ರಿಲ್ 20ರ ಸುಮಾರಿಗೆ. ಅಂದರೆ ಟೆರೇಸಿನ ಪತ್ರ ಏಪ್ರಿಲ್ ಮೊದಲ ವಾರದಲ್ಲಿ ಅವರ ಕೈಯಲ್ಲಿರಬೇಕು. ಅದೇ ಪತ್ರ ಮೇ ಕೊನೆಗೆ ಬಂದರೆ ಓದುತ್ತಾರೆ, ಹೌದಲ್ಲ ಅಂದುಕೊಳ್ಳುತ್ತಾರೆ, ಆದರೆ ಮಾಡುವುದಕ್ಕೆ ಸಮಯ ಉಳಿದಿರುವುದಿಲ್ಲ.

ಇನ್ನೊಂದು ಗೂಟ ಸೆಪ್ಟೆಂಬರ್ 30. ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳು ಅಷ್ಟರೊಳಗೆ ವಾರ್ಷಿಕ ಸಭೆ ನಡೆಸಬೇಕು, ಸಭೆಗೆ ಪೂರ್ತಿ 14 ದಿನದ ನೋಟಿಸ್ ಕೊಡಬೇಕು. ದೊಡ್ಡ ರಿಪೇರಿಯ ಖರ್ಚಿಗೆ ಒಪ್ಪಿಗೆ ಸಿಗುವುದು ಸಾಮಾನ್ಯವಾಗಿ ಆ ಸಭೆಯಲ್ಲೇ, ಅದರ ಅಜೆಂಡಾ ಗಟ್ಟಿಯಾಗುವುದು ಆಗಸ್ಟ್ ಕೊನೆಯ ಹೊತ್ತಿಗೆ. ಆದ್ದರಿಂದ ಆಡಿಟ್ ಯಾವಾಗ ಮಾಡಿಸಬೇಕು, ಅಂದಾಜು ಪಟ್ಟಿಯಲ್ಲಿ ಏನೇನು ಇರಬೇಕು ಎಂಬ ಪತ್ರ ಆಗಸ್ಟ್ ಮೊದಲ ವಾರದ್ದು. ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕೆಂಬ ಮಾತನ್ನು ಅಲ್ಲೇ ನೆನಪಿಸಬಹುದು. ಜುಲೈ ಪತ್ರದಲ್ಲಿ ಸೋರಿಕೆಯನ್ನು ದಿನಾಂಕ ಹಾಕಿ, ಫೋಟೋ ತೆಗೆದು ದಾಖಲಿಸುವುದು ಹೇಗೆ ಎಂದು ಹೇಳಿ. ಮಳೆ ನಿಂತ ಮೇಲೆ ಗೋಡೆ ಒಣಗಿದರೆ ಆ ಪುರಾವೆ ಸಿಗುವುದಿಲ್ಲ. ಉಳಿದ ತಿಂಗಳಿಗೆ ಇಷ್ಟು ಕಟ್ಟುಪಾಡಿಲ್ಲ, ಆ ತಿಂಗಳು ನಿಮ್ಮ ಕಣ್ಣಿಗೆ ಬಿದ್ದ ಯಾವುದೇ ಒಂದು ದೋಷ ಸಾಕು.

ಒಂದು ಪತ್ರಕ್ಕೆ ಒಂದೇ ವಿಷಯ. ಅಳತೆ 250ರಿಂದ 300 ಪದ. ಸೆಕ್ರೆಟರಿ ಅದನ್ನು ಕಮಿಟಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು. ಏಪ್ರಿಲ್ ಪತ್ರದ ತಿರುಳು ಹೀಗಿರಬಹುದು:

“ನಮಸ್ಕಾರ. ಈ ತಿಂಗಳು ಟೆರೇಸಿನಲ್ಲಿ ಒಂದೇ ಜಾಗ ನೋಡಿ. ಪ್ಯಾರಾಪೆಟ್ ಗೋಡೆಯೂ ಟೆರೇಸೂ ಸೇರುವ ಮೂಲೆಯಲ್ಲಿ ಸಿಮೆಂಟಿನಿಂದ ದುಂಡಗೆ ಮಾಡಿದ ವಾಟಾ ಇರುತ್ತದೆ. ಒಂದು ರೂಪಾಯಿ ನಾಣ್ಯದ ಅಂಚಿನಿಂದ ಅದನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಸದ್ದು ಟಕ್ ಎಂದು ಕೇಳುತ್ತದೆ. ಬಿಟ್ಟುಕೊಂಡ ಕಡೆ ಖಾಲಿ ಡಬ್ಬದ ಹಾಗೆ ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಕೇಳಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದಿಡಿ. ಅಲ್ಲಿಂದ ಒಳಹೊಕ್ಕ ನೀರು ಇಟ್ಟಿಗೆ ಚೂರಿನ ಪದರದಲ್ಲಿ ಹರಿದು ಬೇರೆಲ್ಲೋ ಇಳಿಯುತ್ತದೆ. ಆದ್ದರಿಂದ ಕೆಳಗಿನ ಫ್ಲಾಟಿನ ಕಲೆಯ ನೇರ ಮೇಲೆ ಮಾತ್ರ ಒಡೆದು ರಿಪೇರಿ ಮಾಡಿದರೆ ಸೋರಿಕೆ ನಿಲ್ಲದಿರಬಹುದು. ಇನ್ನೊಂದು ಮಾತು: ಪರೀಕ್ಷೆಗೆಂದು ಹಳೆಯ ಟೆರೇಸಿನಲ್ಲಿ ನೀರು ಕಟ್ಟುವ ಮುಂಚೆ ಇಂಜಿನಿಯರರನ್ನು ಕೇಳಿ. ಎರಡು ಇಂಚು ನೀರು ಅಂದರೆ ಪ್ರತಿ ಸಾವಿರ ಚದರಡಿಗೆ ಸುಮಾರು ನಾಲ್ಕೂಮುಕ್ಕಾಲು ಟನ್ ಭಾರ.”

ಇದರಲ್ಲಿ ‘ನಮ್ಮ ಸೇವೆಗಳು’ ಎಂಬ ಸಾಲಿಲ್ಲ ಎಂಬುದನ್ನು ಗಮನಿಸಿ. ಸೆಕ್ರೆಟರಿ ನಾಣ್ಯ ಹಿಡಿದು ಟೆರೇಸಿಗೆ ಹತ್ತಿದ ದಿನ ನಿಮ್ಮ ನೆನಪು ಅವರಿಗೆ ಬಂದೇ ಬರುತ್ತದೆ. ಕೊನೆಗೆ ಹೆಸರು, ಫೋನ್ ನಂಬರ್, ಮತ್ತು “ಗುರುತು ಹಾಕಿದ ಫೋಟೋ ಈ ಪತ್ರಕ್ಕೇ ಉತ್ತರವಾಗಿ ಕಳಿಸಿ, ನೋಡಿ ಹೇಳುತ್ತೇನೆ” ಎಂಬ ಒಂದು ಸಾಲು ಇರಲಿ. ಆ ಸಾಲಿಗೆ ಬೆಲೆ ಬರುವುದು ಎರಡು ದಿನದೊಳಗೆ ನೀವು ಉತ್ತರಿಸಿದರೆ ಮಾತ್ರ.

ಭಾಷೆ ಯಾವುದು? ಆ ಸೊಸೈಟಿ ನಿಮಗೆ ಬರೆದ ಹಳೆಯ ಪತ್ರ ತೆಗೆದು ನೋಡಿ. ಅದು ಮರಾಠಿಯಲ್ಲಿದ್ದರೆ ಮರಾಠಿ, ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷ್. ಎರಡು ಪ್ರತಿ ಸಿದ್ಧಮಾಡಿ ಪಟ್ಟಿಯನ್ನು ಎರಡಾಗಿ ಒಡೆಯುವುದು ಒಳ್ಳೆಯದು, ಒಂದೇ ಪತ್ರದಲ್ಲಿ ಎರಡೂ ಭಾಷೆ ತುರುಕಬೇಡಿ. ಮರಾಠಿ ಪ್ರತಿಯನ್ನು ಮರಾಠಿ ಮಾತೃಭಾಷೆಯವರೊಬ್ಬರು ಒಮ್ಮೆ ಓದಲಿ. ನಮ್ಮ ಮರಾಠಿ ಮಾತಿಗೆ ಸಾಕು, ಬರಹದಲ್ಲಿ ಲಿಂಗ ತಪ್ಪಿದರೆ ಎದ್ದು ಕಾಣುತ್ತದೆ.

ನಿಮ್ಮ ಕಸುಬಿನಲ್ಲಿ ಬಹಳ ಎಚ್ಚರಿಕೆ ಬೇಕಾದ ಜಾಗ ಉದಾಹರಣೆಗಳು. ಸೊಸೈಟಿಯ ಹೆಸರು ಬರೆಯದಿದ್ದರೆ ಸಾಲದು. “ಸ್ಟೇಷನ್ ಪೂರ್ವಕ್ಕೆ, ದೇವಸ್ಥಾನದ ಎದುರಿನ ನಾಲ್ಕು ಮಹಡಿಯ ಕಟ್ಟಡ” ಎಂದರೆ ಡೊಂಬಿವಲಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಕಂಬದಲ್ಲಿ ಬಿರುಕು ಎಂಬ ಸುದ್ದಿ ಹೊರಬಿದ್ದರೆ ಅಲ್ಲಿ ಫ್ಲಾಟ್ ಮಾರಲು ಹೊರಟವರಿಗೆ ನೇರ ನಷ್ಟ, ಆ ಸೊಸೈಟಿ ಮತ್ತೆ ನಿಮ್ಮನ್ನು ಕರೆಯುವುದಿಲ್ಲ. ಕಟ್ಟಡದ ವಯಸ್ಸು ಮತ್ತು ದೋಷ, ಇವೆರಡನ್ನು ಮಾತ್ರ ಹೇಳಿ. ಫೋಟೋ ಹಾಕಿದರೆ ಒಂದೇ, ದೋಷದ ಹತ್ತಿರದ್ದು, 200 ಕೆಬಿಗಿಂತ ಚಿಕ್ಕದು. ಗೋಡೆಯ ಬಣ್ಣವೋ ಕಿಟಕಿಯ ಗ್ರಿಲ್ಲೋ ಗುರುತು ಕೊಡುವಂತಿದ್ದರೆ ಆ ಫೋಟೋ ಬಿಡಿ. ಕಂಟ್ರಾಕ್ಟರರ ಕೆಲಸದ ಮೇಲಿನ ಟೀಕೆಯೂ ಹಾಗೆಯೇ. ಆರ್ಕಿಟೆಕ್ಟರು ಇದೇ ಪತ್ರ ಓದುತ್ತಾರೆ, ಅದು ಯಾರ ಕೆಲಸವೆಂದು ಊಹಿಸುತ್ತಾರೆ.

ಈಗ ಕಳಿಸುವ ಕೆಲಸ. 140 ವಿಳಾಸವನ್ನು ಬಿಸಿಸಿಯಲ್ಲಿ ಹಾಕಿ ಒಟ್ಟಿಗೆ ಕಳಿಸುವುದು ಸುಲಭ, ಆದರೆ ಹೆಸರಿಲ್ಲದ ಆ ಪತ್ರ ಸುತ್ತೋಲೆಯಂತೆ ಕಾಣುತ್ತದೆ, ಸ್ಪ್ಯಾಮ್‌ಗೆ ಬೀಳುವ ಸಂಭವವೂ ಹೆಚ್ಚು. ಕೈತಪ್ಪಿ ಸಿಸಿಯಲ್ಲಿ ಹಾಕಿದಿರೋ, ಎಲ್ಲರ ವಿಳಾಸವೂ ಎಲ್ಲರಿಗೂ ಸಿಕ್ಕಿತು. ನಿಮ್ಮ ಗಾತ್ರಕ್ಕೆ ಸರಿಯಾದದ್ದು ಮೇಲ್ ಮರ್ಜ್. ಗೂಗಲ್ ವರ್ಕ್‌ಸ್ಪೇಸಿನ ಬಿಸಿನೆಸ್ ಸ್ಟ್ಯಾಂಡರ್ಡ್ ಯೋಜನೆಯಲ್ಲಿ ಅದು ಜಿಮೇಲ್ ಒಳಗೇ ಇದೆ. ಹೆಸರು, ವಿಳಾಸಗಳನ್ನು ಗೂಗಲ್ ಶೀಟಿನಲ್ಲಿಟ್ಟು, ಪತ್ರದಲ್ಲಿ ಹೆಸರು ಬರಬೇಕಾದ ಕಡೆ `@firstname` ಎಂದು ಹಾಕಿದರೆ ಪ್ರತಿಯೊಬ್ಬರಿಗೂ ಅವರ ಹೆಸರಿನಲ್ಲಿ ಬೇರೆ ಬೇರೆ ಪತ್ರ ಹೋಗುತ್ತದೆ. ಪತ್ರ ಬೇಡ ಎನ್ನುವವರಿಗಾಗಿ ಕೆಳಗೆ ಒಂದು ಲಿಂಕನ್ನು ಜಿಮೇಲೇ ಸೇರಿಸುತ್ತದೆ. ಆ ಲಿಂಕ್ ಇರುವುದು ನಿಮಗೇ ಒಳ್ಳೆಯದು. ಬಿಡಲು ದಾರಿ ಕಾಣದವರು ಸ್ಪ್ಯಾಮ್ ಎಂದು ಒತ್ತುತ್ತಾರೆ, ಆ ಒತ್ತು ನಿಮ್ಮ ಉಳಿದ ಪತ್ರಗಳಿಗೂ ತಟ್ಟುತ್ತದೆ.

ವಿಳಾಸ ನಿಮ್ಮ ಸ್ವಂತ ಡೊಮೇನಿನದಾಗಿರಲಿ. ಆ ಡೊಮೇನಿನ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ತಿಳಿಸಲು, ನೀವು ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ ಎಸ್‌ಪಿಎಫ್ ಎಂಬ ಟಿಎಕ್ಸ್‌ಟಿ ದಾಖಲೆ ಹಾಕಬೇಕು. ಗೂಗಲ್ ಮೂಲಕ ಮಾತ್ರ ಕಳಿಸುವುದಾದರೆ ಅದು ಇಷ್ಟೇ:

```
v=spf1 include:_spf.google.com ~all
```

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದು. ವೆಬ್‌ಸೈಟ್ ಮಾಡಿಕೊಟ್ಟವರು ಮೊದಲೇ ಇಂಥ ಒಂದು ದಾಖಲೆ ಹಾಕಿರುತ್ತಾರೆ, ನೀವು ಎರಡನೆಯದನ್ನು ಸೇರಿಸುತ್ತೀರಿ. `v=spf1` ಎಂದು ಶುರುವಾಗುವ ಸಾಲು ಎರಡಿದ್ದರೆ ಪರೀಕ್ಷೆಯೇ ವಿಫಲವಾಗುತ್ತದೆ. ಹಳೆಯ ಸಾಲಿನಲ್ಲೇ, ಕೊನೆಯ `all` ಭಾಗಕ್ಕೆ ಮುಂಚೆ, `include` ಭಾಗವನ್ನು ಸೇರಿಸಿ. ಪ್ರತಿ ಪತ್ರಕ್ಕೂ ಡಿಜಿಟಲ್ ಸಹಿ ಹಾಕುವ ಡಿಕೆಐಎಂ ಕೀಲಿಯನ್ನು ವರ್ಕ್‌ಸ್ಪೇಸಿನ ಅಡ್ಮಿನ್ ಪುಟದಲ್ಲಿ ತಯಾರಿಸಿ ಅದೇ ಡಿಎನ್‌ಎಸ್ ಪುಟಕ್ಕೆ ಹಾಕಿ, ಮತ್ತೆ ಅಡ್ಮಿನ್ ಪುಟಕ್ಕೆ ಬಂದು ಶುರುಮಾಡುವ ಗುಂಡಿ ಒತ್ತುವುದನ್ನು ಮರೆಯಬೇಡಿ. ಈ ಪರೀಕ್ಷೆಗಳಲ್ಲಿ ಬಿದ್ದ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಡಿಮಾರ್ಕ್‌ಗೂ ಇನ್ನೊಂದು ಟಿಎಕ್ಸ್‌ಟಿ ದಾಖಲೆ ಬೇಕು, ಹೆಸರಿನ ಜಾಗದಲ್ಲಿ `_dmarc`, ಮೌಲ್ಯದ ಜಾಗದಲ್ಲಿ ಮೊದಲಿಗೆ `v=DMARC1; p=none`. ಆಮೇಲೆ ನಿಮ್ಮದೇ ಬೇರೊಂದು ಜಿಮೇಲಿಗೆ ಪತ್ರ ಕಳಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ `Show original` ತೆರೆಯಿರಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಎದುರೂ `PASS` ಎಂದಿದ್ದರೆ ತಾಂತ್ರಿಕ ಕೆಲಸ ಮುಗಿಯಿತು.

ಪಿಡಿಎಫ್ ಲಗತ್ತಿಸಬೇಡಿ, ಮಾತೆಲ್ಲ ಪತ್ರದೊಳಗೇ ಇರಲಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಸುಲಭವೆನಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ನಿಮ್ಮನ್ನು ಮರೆತವರ ಫೋನಿನಲ್ಲಿ ಇಲ್ಲದಿರುವುದು ಅದೇ ನಂಬರ್.

ಪಟ್ಟಿಯಲ್ಲಿ ಯಾರಿರಬೇಕು ಎಂಬುದಕ್ಕೆ ಸರಳ ಅಳತೆ ಇದೆ: ಕೆಲಸದ ಮಾತಾಡಿದವರು, ಕೇಳಿದಾಗ ಕಳಿಸಿ ಎಂದವರು. ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾಗಿ ಕಾರ್ಡ್ ಕೊಟ್ಟವರು ಪತ್ರ ಕೇಳಿದಂತಲ್ಲ, ಅವರಿಗೆ ಮೊದಲು ಒಂದು ಫೋನ್ ಮಾಡಿ. ಈ ಅಳತೆಯಲ್ಲಿ 140 ಇದ್ದದ್ದು 90 ಆದರೆ ಚಿಂತೆ ಬೇಡ.

ಶೀಟಿನಲ್ಲಿ ಪ್ರತಿ ಸೊಸೈಟಿಗೆ ಎರಡು ವಿಳಾಸ ಇಡಿ: ಸೆಕ್ರೆಟರಿಯ ಸ್ವಂತದ್ದು, ಸೊಸೈಟಿಯದ್ದು. ಕಮಿಟಿ ಬದಲಾದಾಗ ಸೊಸೈಟಿಯ ಇಮೇಲ್ ಹಳೆಯ ಸೆಕ್ರೆಟರಿಯ ಫೋನಿನಲ್ಲೇ ಉಳಿದು, ಹೊಸಬರಿಗೆ ನಿಮ್ಮ ಹೆಸರೇ ಗೊತ್ತಿರುವುದಿಲ್ಲ. ಪತ್ರ ವಾಪಸ್ ಬರುವುದಿಲ್ಲವಾದ್ದರಿಂದ ಇದು ನಿಮಗೆ ಕಾಣುವುದೂ ಇಲ್ಲ. ಆದ್ದರಿಂದ ವಾರ್ಷಿಕ ಸಭೆಗಳು ಮುಗಿದ ಅಕ್ಟೋಬರಿನಲ್ಲಿ ಪ್ರತಿ ಸೊಸೈಟಿಗೂ ಫೋನ್ ಮಾಡಿ ಈಗಿನ ಸೆಕ್ರೆಟರಿ ಯಾರೆಂದು ಕೇಳಿ. `550 5.1.1` ಎಂದು ವಾಪಸ್ ಬಂದ ವಿಳಾಸ ಇಲ್ಲವೇ ಇಲ್ಲ ಎಂದರ್ಥ, ಅದನ್ನು ಆ ದಿನವೇ ತೆಗೆಯಿರಿ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. 2021ರಿಂದ ಆಪಲ್ ಮೇಲ್, ಓದುಗ ಪತ್ರ ತೆರೆಯದಿದ್ದರೂ ಒಳಗಿನ ಚಿತ್ರಗಳನ್ನು ತಾನೇ ಇಳಿಸಿಕೊಳ್ಳಬಲ್ಲದು, ಲೆಕ್ಕಕ್ಕೆ ಅದು ತೆರೆದಂತೆಯೇ ಕಾಣುತ್ತದೆ. ಬದಲಿಗೆ ಶೀಟಿನಲ್ಲಿ ಇನ್ನೆರಡು ಕಾಲಂ ಮಾಡಿ: ಯಾವ ತಿಂಗಳ ಪತ್ರಕ್ಕೆ ಯಾರು ಉತ್ತರಿಸಿದರು, ಹೊಸದಾಗಿ ಫೋನ್ ಮಾಡಿದವರಿಗೆ ನಿಮ್ಮ ನಂಬರ್ ಎಲ್ಲಿ ಸಿಕ್ಕಿತು. ಪಟ್ಟಿಯಲ್ಲೇ ಇಲ್ಲದ ಪಕ್ಕದ ಸೊಸೈಟಿಯವರು ಕರೆದು ‘ಆ ನಾಣ್ಯದ ಪತ್ರ ನೋಡಿದೆವು’ ಎಂದರೆ ಅದನ್ನು ಫಾರ್ವರ್ಡ್ ಮಾಡಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಅವರಿಗೆ ಆ ಸಂಜೆಯೇ ಒಂದು ಫೋನ್ ಮಾಡಿ.