ಹೈಸ್ಕೂಲಿನಲ್ಲಿ ಎಐ ಪಾಠ: ಹೆಡ್‌ಮಾಸ್ಟರಿಗೆ ಏನಂತ ಬರೆಯೋದು?

ಪ್ರಶ್ನೆ: ಗದಗ ಹತ್ತಿರದ ಹೈಸ್ಕೂಲಿನಲ್ಲಿ ಟೀಚರ್ ನಾನು. ಎಐ ಬಗ್ಗೆ ಪಾಠ ಶುರು ಮಾಡೋಣ ಅಂತ ಹೆಡ್‌ಮಾಸ್ಟರಿಗೆ ಪ್ರಸ್ತಾವನೆ ಹೇಗೆ ಬರೆಯಲಿ?

ಉತ್ತರ: ಒಂದೇ ಪುಟ ಬರೆಯಿರಿ, ನಾಲ್ಕೇ ಪಿರಿಯಡ್ ಕೇಳಿ. ನಾನು ಮೊದಲ ಸಲ ಇಪ್ಪತ್ತು ಕೇಳಿದ್ದೆ. "ಸಿಲಬಸ್ ಮುಗಿಸೋರು ಯಾರ್ರೀ?" ಅಂತ ಪತ್ರ ವಾಪಸ್ ಬಂತು. ಎಸ್‌ಎಸ್‌ಎಲ್‌ಸಿ ಬಿಡಿ, ಒಂಬತ್ತನೇ ತರಗತಿ ಸಾಕು.

ಪತ್ರದ ಜೊತೆ ಒಂದು ಮಾದರಿ ಪಾಠ ಲಗತ್ತಿಸಿ. ಅದೇ ಕೆಲಸ ಮಾಡೋದು. ನಿಮ್ಮ ಗದಗ ಕಡೆಯದೇ ಊರು ಕಣಗಿನಹಾಳದ ಸಹಕಾರ ಸಂಘ ಯಾವಾಗ ಶುರುವಾಯಿತು, ಯಾರು ಕಟ್ಟಿದರು ಅಂತ ಚಾಟ್‌ಬಾಟನ್ನು ಮೂರು ಸಲ ಬೇರೆ ಬೇರೆ ಮಾತಲ್ಲಿ ಕೇಳಿ, ಉತ್ತರಗಳನ್ನು ಪ್ರಿಂಟ್ ತೆಗೆಯಿರಿ. ಮಕ್ಕಳು ಹೆಸರು, ಇಸವಿಗಳಿಗೆ ಗೆರೆ ಎಳೆದು ಪುಸ್ತಕದ ಜೊತೆ ತಾಳೆ ನೋಡಲಿ. ಸಂಘ ಶುರುವಾಗಿದ್ದು 1905ರಲ್ಲಿ, ಕಟ್ಟಿದವರು ಸಿದ್ದನಗೌಡ ಪಾಟೀಲರು. ಮೂರು ಉತ್ತರಗಳಲ್ಲಿ ಇಸವಿ ಬೇರೆ ಬೇರೆ ಬಂದರೆ ಪಾಠ ಅರ್ಧ ಮುಗಿದಂತೆ. ಮುಂದೆ ಯಾವ ಪದ ಹೊಂದುತ್ತದೆ ಅಂತ ಲೆಕ್ಕ ಹಾಕಿ ಬರೆಯುವ ಯಂತ್ರ ಈ ಚಾಟ್‌ಬಾಟ್. ಹಾಗಾಗಿ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಮೂರೂ ಒಂದೇ ಬಂದರೂ ಸರಿ ಅಂತಲ್ಲ, ಪುಸ್ತಕ ತೆರೆಯಲೇಬೇಕು.

ಪೋಷಕರ ತಕರಾರು ಬರಬಾರದು ಅಲ್ವಾ? "ಮಕ್ಕಳಿಗೆ ಅಕೌಂಟ್ ಬೇಡ, ಮೊಬೈಲ್ ಬೇಡ. ಅವರ ಹೆಸರು, ಫೋಟೊ, ಅಂಕ ಎಲ್ಲೂ ಹಾಕುವುದಿಲ್ಲ" ಅಂತ ಪತ್ರದಲ್ಲೇ ಬರೆಯಿರಿ. ಖರ್ಚಿನ ಸಾಲಿನಲ್ಲಿ ಜೆರಾಕ್ಸ್ ಮಾತ್ರ ಇರಲಿ.