ಅಕ್ರಮ ವಹಿವಾಟು: ಮೂರು ದಿನದ ಲೆಕ್ಕ

ನಾನು ಮಾಡದ ಯುಪಿಐ ವಹಿವಾಟಲ್ಲಿ 18,000 ರೂಪಾಯಿ ಹೋಗಿದೆ. ಬ್ಯಾಂಕಿಗೆ ಎಷ್ಟು ದಿನದೊಳಗೆ ಹೇಳಬೇಕು?

ಈಗಲೇ ಹೇಳಿ. ಮೊದಲು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ಕಾರ್ಡ್ ಮತ್ತು ಯುಪಿಐ ಬ್ಲಾಕ್ ಮಾಡಿಸಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ವಂಚಕರ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು.

2017ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದರೆ ದಿನಗಳ ಲೆಕ್ಕ ಹೀಗಿದೆ. ಸೋಮವಾರ ಎಸ್‌ಎಂಎಸ್ ಬಂತು ಅಂದುಕೊಳ್ಳಿ. ಆ ದಿನ ಲೆಕ್ಕಕ್ಕಿಲ್ಲ, ರಜೆಗಳೂ ಇಲ್ಲ. ಗುರುವಾರದೊಳಗೆ, ಅಂದರೆ ಮೂರು ಕೆಲಸದ ದಿನಗಳಲ್ಲಿ ಹೇಳಿದರೆ ಪೂರ್ತಿ 18,000 ವಾಪಸ್. ನಾಲ್ಕರಿಂದ ಏಳನೇ ದಿನದೊಳಗೆ ಹೇಳಿದರೆ, ಸಾಮಾನ್ಯ ಉಳಿತಾಯ ಖಾತೆಯಲ್ಲಿ ನಿಮಗಾಗುವ ನಷ್ಟ ಹೆಚ್ಚೆಂದರೆ 10,000. ಅದೂ ದಾಟಿದರೆ ಬ್ಯಾಂಕಿನ ಸ್ವಂತ ನೀತಿಯೇ ಗತಿ. ಬ್ಯಾಂಕಿನದೇ ಲೋಪವಾದರೆ ಮಾತ್ರ ತಡವಾದರೂ ನಷ್ಟ ನಿಮ್ಮದಲ್ಲ.

ಒಟಿಪಿ ಅಥವಾ ಪಿನ್ ನೀವೇ ಹೇಳಿದ್ದರೆ ಮೂರು ದಿನದ ರಕ್ಷಣೆ ಸಿಗುವುದಿಲ್ಲ. ದೂರು ಕೊಡುವವರೆಗಿನ ನಷ್ಟ ನಿಮ್ಮದು, ನಂತರ ಹೋದದ್ದು ಬ್ಯಾಂಕಿನದು. ಇಲ್ಲಿ ನಿಮಿಷಕ್ಕೂ ಬೆಲೆ ಇದೆ, ಅಲ್ವಾ? ಆದರೆ ‘ಪಿನ್ ಬಳಸಲಾಗಿದೆ, ತಪ್ಪು ನಿಮ್ಮದೇ’ ಅಂತ ಬ್ಯಾಂಕ್ ಸುಮ್ನೆ ಕೈತೊಳೆದುಕೊಳ್ಳುವ ಹಾಗಿಲ್ಲ. ನಿಮ್ಮ ತಪ್ಪು ಅಂತ ಸಾಬೀತು ಮಾಡುವ ಹೊಣೆ ಅದರದ್ದೇ.

ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ತಾತ್ಕಾಲಿಕವಾಗಿ ಹಣ ಜಮಾ ಮಾಡಬೇಕು, 90 ದಿನಗಳಲ್ಲಿ ತೀರ್ಮಾನಿಸಬೇಕು. ಆಗಲಿಲ್ಲವೇ? ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಿ.