ದೀಪ ಸಣ್ಣಗಾಗಿದ್ದು ಯಾಕೆ?

"ಮೇಡಂ, ನಮಸ್ಕಾರ. ಸುದ್ದಿಗಳಲ್ಲಿ ಈಗ ಎಲ್ಲಿ ನೋಡಿದರೂ ಗ್ಯಾಸ್‌ಲೈಟಿಂಗ್ ಅನ್ನುವ ಪದ. ಅದರ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ಪದ ಹುಟ್ಟಿದ್ದು 1944ರ ಸಿನಿಮಾದಿಂದ. ಅದರಲ್ಲಿ ಹೆಂಡತಿಗೆ ಹುಚ್ಚು ಹಿಡಿಸಲು ಗಂಡ ದಿನಾ ರಾತ್ರಿ ಗ್ಯಾಸ್ ದೀಪ ಸಣ್ಣ ಮಾಡುತ್ತಾನೆ. ಇವತ್ತು ಸುಳ್ಳು ಹೇಳಿ ಮೋಸ ಮಾಡುವುದಕ್ಕೆಲ್ಲ ಇದೇ ಪದ. ನಿಮ್ಮ ಪುರವಣಿಗೆ ಆಗುತ್ತದೆಯೇ? ತಪ್ಪಿದ್ದರೆ ನೇರವಾಗಿ ಹೇಳಿ."

ನಮಸ್ಕಾರ. ಲೇಖನ ಓದಿದೆ. ವಾಕ್ಯಗಳು ಚಿಕ್ಕದಾಗಿವೆ, ಓದಿಸಿಕೊಂಡು ಹೋಗುತ್ತವೆ. ವಿಷಯದ ಆಯ್ಕೆಯೂ ಒಳ್ಳೆಯದೇ. ಆದರೆ ಎರಡು ಕಡೆ ನನಗೆ ಮುಂದೆ ಓದಲು ಆಗಲಿಲ್ಲ. ಬೇರೆ ಸಣ್ಣಪುಟ್ಟದ್ದು ಬಿಟ್ಟು ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ದೀಪದ ವಾಕ್ಯ. ಗಂಡ ದೀಪ ಸಣ್ಣ ಮಾಡುತ್ತಾನೆ ಎಂದು ಬರೆದಿದ್ದೀರಿ. ಅವನು ಮಾಡುವುದಿಲ್ಲ. ಈ ಒಂದು ತಪ್ಪಿನಿಂದ ನಿಮ್ಮ ಇಡೀ ಲೇಖನ ಬೇರೆ ದಾರಿಗೆ ಹೋಗಿದೆ.

ಕಥೆ ಶುರುವಾಗುವುದು ಸಿನಿಮಾದಿಂದಲ್ಲ, ನಾಟಕದಿಂದ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 'ಗ್ಯಾಸ್ ಲೈಟ್' ಇಂಗ್ಲೆಂಡಿನಲ್ಲಿ ರಂಗಕ್ಕೆ ಬಂದಿದ್ದು 1938ರಲ್ಲಿ. 1940ರಲ್ಲಿ ಬ್ರಿಟನ್ನಿನಲ್ಲೇ ಅದು ಒಮ್ಮೆ ಸಿನಿಮಾ ಆಯಿತು. ನೀವು ಹೇಳುವ 1944ರ ಹಾಲಿವುಡ್ ಸಿನಿಮಾ ಬಂದಿದ್ದು ಆಮೇಲೆ. ನಾಟಕದಲ್ಲಿ ಹೆಂಡತಿ ಬೆಲ್ಲಾ, ಗಂಡ ಮ್ಯಾನಿಂಗ್‌ಹ್ಯಾಮ್. 1880ರ ಲಂಡನ್ನಿನ ಮನೆ. ಗಂಡ ಗೋಡೆಯ ಮೇಲಿನ ಚಿತ್ರ ತೆಗೆದು ಬಚ್ಚಿಡುತ್ತಾನೆ, ಆಮೇಲೆ ನೀನೇ ತೆಗೆದೆ ಅನ್ನುತ್ತಾನೆ. ಅವಳು ಇಲ್ಲ ಅಂದರೆ, ನಿನಗೆ ನೆನಪಿಲ್ಲ ಅನ್ನುತ್ತಾನೆ. ಅವಳ ತಾಯಿ ಹುಚ್ಚು ಹಿಡಿದು ಸತ್ತಿದ್ದಳು. ಅದನ್ನೂ ಎತ್ತಿ ಆಡುತ್ತಾನೆ. ಹೆಂಡತಿಯ ತಲೆ ಕೆಡಿಸಲು ಅವನು ಬೇಕೆಂದೇ ಮಾಡುವುದು ಇದನ್ನು.

ದೀಪದ ವಿಷಯ ಬೇರೆ. ಆ ಮನೆಯಲ್ಲಿ ಹಿಂದೆ ಅವನು ಒಬ್ಬ ಮುದುಕಿಯನ್ನು ಕೊಂದಿದ್ದ, ಅವಳ ಕೆಂಪು ಹರಳುಗಳಿಗಾಗಿ. ಹರಳು ಸಿಕ್ಕಿರಲಿಲ್ಲ. ಈಗ ರಾತ್ರಿ ಹೊರಗೆ ಹೋಗುವ ಹಾಗೆ ಹೋಗಿ, ಕಣ್ತಪ್ಪಿಸಿ ಮೇಲಿನ ಮಹಡಿಗೆ ಬಂದು ಹುಡುಕುತ್ತಾನೆ. ಹುಡುಕಲು ಬೆಳಕು ಬೇಕಲ್ಲ, ಅಲ್ಲಿನ ಗ್ಯಾಸ್ ದೀಪ ಹಚ್ಚುತ್ತಾನೆ. ಮನೆಯ ಎಲ್ಲ ದೀಪಕ್ಕೂ ಒಂದೇ ಕೊಳವೆಯಿಂದ ಗ್ಯಾಸ್. ಮೇಲೆ ಒಂದು ದೀಪ ಹೊತ್ತಿಕೊಂಡರೆ ಕೆಳಗಿನ ದೀಪಕ್ಕೆ ಒತ್ತಡ ಕಡಿಮೆಯಾಗಿ ಉರಿ ಕುಗ್ಗುತ್ತದೆ. ನಮ್ಮ ಮನೆಗಳಲ್ಲಿ ಹಿತ್ತಿಲ ನಲ್ಲಿ ಬಿಟ್ಟರೆ ಬಚ್ಚಲಲ್ಲಿ ನೀರು ಸಣ್ಣಗಾಗುವುದಿಲ್ಲವೇ, ಹಾಗೆ. ಕೆಳಗೆ ಉರಿ ಕುಗ್ಗಿದ್ದು ಅವನ ಗಮನಕ್ಕೇ ಬರುವುದಿಲ್ಲ.

ಬೆಲ್ಲಾ ಮಾತ್ರ ಅದನ್ನು ನೋಡುತ್ತಾಳೆ. ಅವನು ಹೋದ ಸ್ವಲ್ಪ ಹೊತ್ತಿಗೆ ದೀಪ ಕುಗ್ಗುತ್ತದೆ. ಅವನು ವಾಪಸ್ ಬರುವ ಸ್ವಲ್ಪ ಮುಂಚೆ ಮತ್ತೆ ಮೊದಲಿನಂತಾಗುತ್ತದೆ. ಮೇಲೆ ಹೆಜ್ಜೆ ಸಪ್ಪಳವೂ ಕೇಳುತ್ತದೆ. ಆದರೆ ತನ್ನ ಕಣ್ಣನ್ನೇ ನಂಬಬಾರದು ಎಂದು ಅವಳಿಗೆ ಅಷ್ಟರಲ್ಲಿ ಕಲಿಸಿ ಆಗಿದೆ. ನಿವೃತ್ತ ಪೊಲೀಸ್ ಅಧಿಕಾರಿ ರಫ್ ಬಂದು, ಅವನ ಕಣ್ಣೆದುರೇ ದೀಪ ಬದಲಾದಾಗ ಅವಳಿಗೆ ಗೊತ್ತಾಗುತ್ತದೆ, ತಾನು ನೋಡಿದ್ದು ನಿಜ ಎಂದು.

ಅಂದರೆ ದೀಪ ಗಂಡನ ಅಸ್ತ್ರ ಅಲ್ಲ, ಹೆಂಡತಿಯ ಸಾಕ್ಷಿ. ಅವಳ ಕಣ್ಣು ಸರಿಯಾಗಿತ್ತು ಅನ್ನುವುದಕ್ಕೆ ಆ ಮನೆಯಲ್ಲಿ ಇದ್ದ ಒಂದೇ ಪುರಾವೆ ಅದು. ನಿಮ್ಮ ವಾಕ್ಯ ಆ ಪುರಾವೆಯನ್ನೂ ಗಂಡನ ಕೈಗೆ ಕೊಟ್ಟುಬಿಟ್ಟಿದೆ. ಈ ತಪ್ಪು ಎಷ್ಟೋ ಕಡೆ ಅಚ್ಚಾಗಿದೆ, ನೀವು ಅಲ್ಲಿಂದ ಎತ್ತಿಕೊಂಡಿರಬಹುದು. ಆದರೆ ಒಂದು ಪದದ ಹುಟ್ಟಿನ ಬಗ್ಗೆ ಬರೆಯುವವರು ಹುಟ್ಟಿದ ಜಾಗಕ್ಕೆ ಹೋಗಿ ನೋಡಬೇಕು, ಅಲ್ವಾ?

ಎರಡನೆಯದು ನಿಮ್ಮ ನಾಲ್ಕನೇ ಪ್ಯಾರಾ. ಅಲ್ಲಿ ಮೂರು ಸಾಲುಗಳಿವೆ. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

"ಕಲಬೆರಕೆ ಎಣ್ಣೆ ಮಾರಿದ ಕಂಪನಿ ಗ್ರಾಹಕರನ್ನು ಗ್ಯಾಸ್‌ಲೈಟ್ ಮಾಡಿತು." ಇಲ್ಲ. ಕಂಪನಿ ಮೋಸ ಮಾಡಿತು. ನನಗೆ ಕೆಟ್ಟ ಎಣ್ಣೆ ಕೊಟ್ಟು ಒಳ್ಳೆಯದು ಅಂದರೆ ಎಣ್ಣೆಯ ಬಗ್ಗೆ ಸುಳ್ಳು ಹೇಳಿದ ಹಾಗೆ. ನನ್ನ ನಾಲಿಗೆ ಕೆಟ್ಟಿದೆ ಎಂದು ನಂಬಿಸಿದರೆ ಮಾತ್ರ ಅದು ಬೇರೆ ಸಂಗತಿ. ಪಂಚತಂತ್ರದ ಆ ಮೇಕೆ ಕಥೆ ನೆನಪಿದೆಯಲ್ಲ? ಬ್ರಾಹ್ಮಣನ ಹೆಗಲ ಮೇಲೆ ಮೇಕೆ. ಮೂವರು ಕಳ್ಳರು ಒಬ್ಬೊಬ್ಬರಾಗಿ ಎದುರಾಗಿ, ನಾಯಿ ಯಾಕೆ ಹೊತ್ತಿದ್ದೀರಿ ಅನ್ನುತ್ತಾರೆ. ಅವರು ಮೇಕೆಯನ್ನು ಕಿತ್ತುಕೊಳ್ಳುವುದಿಲ್ಲ. ಬ್ರಾಹ್ಮಣ ತಾನೇ ಕೆಳಗಿಳಿಸಿ ಓಡುತ್ತಾನೆ, ತನ್ನ ಕಣ್ಣಿನ ಮೇಲೆ ನಂಬಿಕೆ ಹೋಗಿದ್ದರಿಂದ.

"2022ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದನ್ನು ವರ್ಷದ ಪದ ಎಂದು ಆರಿಸಿತು, ಹಾಗಾಗಿ ಎಲ್ಲ ಬಗೆಯ ವಂಚನೆಗೂ ಇದು ಸಲ್ಲುತ್ತದೆ." ಮೊದಲ ಅರ್ಧ ಸರಿ. ಆ ವರ್ಷ ಆ ಪದವನ್ನು ಹುಡುಕಿದವರು 1740 ಶೇಕಡಾ ಹೆಚ್ಚಾದರು ಎಂದು ಆ ನಿಘಂಟೇ ಹೇಳಿತು. ಅದು ಎರಡು ಅರ್ಥ ಕೊಡುತ್ತದೆ ಅನ್ನುವುದೂ ನಿಜ: ಒಂದು, ಬಹಳ ಕಾಲ ಒಬ್ಬರ ಮನಸ್ಸನ್ನು ತಿರುಚಿ ಅವರು ತಮ್ಮ ನೆನಪನ್ನೇ ನಂಬದ ಹಾಗೆ ಮಾಡುವುದು, ಇನ್ನೊಂದು, ಸ್ವಂತ ಲಾಭಕ್ಕೆ ಇನ್ನೊಬ್ಬರ ದಾರಿ ತಪ್ಪಿಸುವುದು. ಇಂಗ್ಲಿಷಿನಲ್ಲಿ ಪದ ಹೀಗೆ ಹಿಗ್ಗಿದೆ, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಎರಡನೇ ಅರ್ಥಕ್ಕೆ ನಮಗೆ ಹೊರಗಿನ ಪದ ಯಾಕೆ? ಕಣ್ಣಿಗೆ ಮಣ್ಣೆರಚುವುದು ಇದೆ, ಮಂಕುಬೂದಿ ಎರಚುವುದು ಇದೆ, ಟೋಪಿ ಹಾಕುವುದು ಇದೆ. ನಮ್ಮಲ್ಲಿ ಒಂದೇ ಪದದಲ್ಲಿ ಹೇಳಲಾಗದೆ ಇರುವುದು ಮೊದಲನೆಯ ಅರ್ಥ. ಅದಕ್ಕೆ ಮಾತ್ರ ಇಟ್ಟುಕೊಳ್ಳೋಣ.

"ಸಿನಿಮಾದಿಂದ ನೇರವಾಗಿ ಟ್ರಂಪ್ ಕಾಲದ ಪತ್ರಿಕೆಗಳಿಗೆ ಜಿಗಿದ ಪದ." ನಡುವೆ 70 ವರ್ಷಗಳನ್ನು ಹಾರಿದ್ದೀರಿ, ಅಸಲು ಸಂಗತಿ ಅಲ್ಲೇ ಇದೆ. 1969ರಲ್ಲಿ ಬಾರ್ಟನ್ ಮತ್ತು ವೈಟ್‌ಹೆಡ್ ಅನ್ನುವ ಇಬ್ಬರು ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ನಾಟಕದ ಹೆಸರನ್ನೇ ಇಟ್ಟು ಒಂದು ಲೇಖನ ಬರೆದರು. ತಮಗೆ ಬೇಡವಾದವರನ್ನು ಮನೆಯವರು ಮಾನಸಿಕ ಆಸ್ಪತ್ರೆಗೆ ಸೇರಿಸಲು ಸುಳ್ಳು ಲಕ್ಷಣ ಹೇಳಿಕೊಂಡು ಬರುವ ಪ್ರಕರಣಗಳು ಅದರಲ್ಲಿದ್ದವು. ಅಲ್ಲಿಂದ ಪದ ಮನಶ್ಶಾಸ್ತ್ರಕ್ಕೆ ಬಂತು, ಅಲ್ಲಿಂದ ಗಂಡ ಹೆಂಡಿರ ನಡುವಿನ ದೌರ್ಜನ್ಯದ ಮಾತಿಗೆ. 2016ರ ಡಿಸೆಂಬರಿನಲ್ಲಿ ಟೀನ್ ವೋಗ್ ಪತ್ರಿಕೆ, ಟ್ರಂಪ್ ಅಮೆರಿಕವನ್ನೇ ಗ್ಯಾಸ್‌ಲೈಟ್ ಮಾಡುತ್ತಿದ್ದಾರೆ ಎಂದು ಬರೆದ ಮೇಲೆ, ಒಬ್ಬ ಹೆಂಗಸಿನ ಜಾಗದಲ್ಲಿ ಒಂದು ದೇಶ ನಿಂತಿತು.

ಹೀಗೆ ಹಿಗ್ಗಿಸುವುದು ಯಾವಾಗ ಸರಿ ಅನ್ನುವುದಕ್ಕೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಪ್ರಕರಣ ನೋಡಿ. ನಿಮ್ಮ ಲೇಖನದಲ್ಲಿ ಅದು ಇರಲೇಬೇಕಿತ್ತು. ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ನಡೆಸುವವರಿಗೆ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಕೊಟ್ಟಿದ್ದರು. ಲೆಕ್ಕ ಮುಗಿಸುವಾಗ ತೆರೆಯ ಮೇಲೆ ಇರಬೇಕಾದ ಹಣ ಒಂದು, ಗಲ್ಲಾಪೆಟ್ಟಿಗೆಯಲ್ಲಿ ಇರುವುದು ಇನ್ನೊಂದು. ಕಡಿಮೆ ಬಿದ್ದಿದ್ದನ್ನು ಅವರೇ ಕೈಯಿಂದ ತುಂಬಬೇಕು. ಸಹಾಯವಾಣಿಗೆ ಫೋನ್ ಮಾಡಿದರೆ ಎಷ್ಟೋ ಜನರಿಗೆ ಬಂದ ಉತ್ತರ ಒಂದೇ: ಈ ತೊಂದರೆ ನಿಮ್ಮೊಬ್ಬರಿಗೇ. ತಮ್ಮ ಲೆಕ್ಕವನ್ನು ತಾವೇ ಅನುಮಾನಿಸಿ, ರಾತ್ರಿಯೆಲ್ಲ ಕೂತು ಮತ್ತೆ ಮತ್ತೆ ಎಣಿಸಿದವರಿದ್ದಾರೆ. 1999ರಿಂದ 2015ರವರೆಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದ ಮೇಲೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. 2009ರಲ್ಲಿ ಹೀಗೆ ತೊಂದರೆಗೆ ಸಿಕ್ಕವರಲ್ಲಿ ಕೆಲವರು ಫೆನ್ನಿ ಕಾಂಪ್ಟನ್ ಅನ್ನುವ ಹಳ್ಳಿಯಲ್ಲಿ ಸೇರಿದರು. ತೊಂದರೆ ಒಬ್ಬರದಲ್ಲ ಎಂದು ಮುಖಾಮುಖಿ ಗೊತ್ತಾಯಿತು. ಬೆಲ್ಲಾಳ ದೀಪವನ್ನು ಇನ್ನೊಬ್ಬರೂ ನೋಡಿದ ಗಳಿಗೆ ಅದು. ವ್ಯವಸ್ಥೆಯಲ್ಲೇ ದೋಷಗಳಿದ್ದವು ಎಂದು ಹೈಕೋರ್ಟ್ 2019ರಲ್ಲಿ ಹೇಳಿತು. ಇಲ್ಲಿ ಗ್ಯಾಸ್‌ಲೈಟಿಂಗ್ ಅಂತ ಬರೆದ ಸುದ್ದಿಗಳನ್ನು ನಾನು ಒಪ್ಪುತ್ತೇನೆ. ಎಣ್ಣೆ ಕಂಪನಿಯಲ್ಲಿ ಇಲ್ಲದ್ದು ಇಲ್ಲಿ ಇದೆ: ಸರಿಯಾಗಿ ಲೆಕ್ಕ ಇಟ್ಟವರು ತಮ್ಮ ಲೆಕ್ಕವನ್ನೇ ನಂಬದ ಹಾಗಾದರು.

ನನಗೆ ಈ ವಿಷಯ ಇಷ್ಟು ತಾಗುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿ ಐದಾರು ತಿಂಗಳಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನದಿಂದ ಕೂತಿದ್ದ ಒಬ್ಬ ಹೆಂಗಸನ್ನು ಪೊಲೀಸರು ಠಾಣೆಗೆ ಕರೆತಂದಿದ್ದರು. ಗಂಡ ಬಂದಿದ್ದ. ಮೆತ್ತಗೆ ಮಾತಾಡುವ ಮನುಷ್ಯ. "ತಲೆ ಸರಿ ಇಲ್ಲ ಮೇಡಂ, ಹೇಳದೆ ಕೇಳದೆ ಎದ್ದು ಹೋಗ್ತಾಳೆ" ಅಂದ. ಅವಳು ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಮಾತಾಡಿಸಲಿಲ್ಲ. ಮರುದಿನ ನಾಲ್ಕು ಸಾಲಿನ ಸುದ್ದಿ ಬಂತು: ಮಾನಸಿಕ ಅಸ್ವಸ್ಥ ಮಹಿಳೆ ಪತಿಯ ವಶಕ್ಕೆ.

ವಾರ ಕಳೆದ ಮೇಲೆ ಅವಳ ಅಣ್ಣ ಆ ತುಣುಕನ್ನು ಹಿಡಿದುಕೊಂಡು ಆಫೀಸಿಗೆ ಬಂದ. ಕೂಗಾಡಲಿಲ್ಲ. "ನಮ್ಮ ತಂಗಿನ ನೀವು ಮಾತಾಡ್ಸಿದ್ರಾ ಅಕ್ಕಾ?" ಅಂತ ಅಷ್ಟೇ ಕೇಳಿದ. ಗಂಡ ಆ ತುಣುಕನ್ನು ಊರಿನವರಿಗೆ ತೋರಿಸುತ್ತಿದ್ದಾನಂತೆ, ನೋಡಿ, ಪೇಪರಿನವರೇ ಬರೆದಿದ್ದಾರೆ ಎಂದು. ನಮ್ಮ ಹಿರಿಯ ಉಪಸಂಪಾದಕರು ನನ್ನನ್ನು ಬೈಯಲಿಲ್ಲ. ಸುದ್ದಿಯನ್ನು ಮುಂದಿಟ್ಟು, "ಪ್ರತಿ ಪದದ ಕೆಳಗೆ ಅದನ್ನ ಹೇಳಿದ್ದು ಯಾರು ಅಂತ ಬರಿ" ಅಂದರು. 'ಅಸ್ವಸ್ಥ' ಅನ್ನುವುದರ ಕೆಳಗೆ ನಾನು 'ಗಂಡ' ಎಂದು ಬರೆಯಬೇಕಾಯಿತು. ಆಗ ಗ್ಯಾಸ್‌ಲೈಟಿಂಗ್ ಅನ್ನುವ ಪದ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ನನಗೆ ನೆನಪಾಗಿದ್ದು ಆ ಬೆಂಚು.

ಅದೇ ಕೆಲಸ ನೀವೂ ಮಾಡಿ. ನೀವು ಉದಾಹರಣೆಗೆ ಕೊಟ್ಟ ಸುದ್ದಿ ಸಾಲು ಹೀಗಿದೆ: "ಗಂಡನ ಮನೆಯವರು ಗ್ಯಾಸ್‌ಲೈಟಿಂಗ್ ಮಾಡುತ್ತಿದ್ದರು ಎಂದು ಮಹಿಳೆ ದೂರಿದ್ದಾರೆ." ಇದನ್ನು ಓದಿದರೆ ಏನು ನಡೆಯಿತು ಅಂತ ನನಗೆ ಒಂದು ಚೂರೂ ಗೊತ್ತಾಗುವುದಿಲ್ಲ. ಅವರು ಹೇಳಿದ್ದು ಹೀಗಿರಬಹುದು: ಬೀರುವಿನ ಕೀಲಿಯನ್ನು ಅತ್ತೆ ತಾವೇ ತೆಗೆದಿಟ್ಟು, ನೀನೇ ಕಳೆದೆ ಅಂದರು. ಹೀಗೆ ಮೂರು ನಾಲ್ಕು ಸಲ ಆಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇವಳಿಗೆ ಮರೆವು ಅಂದರು. ಹಾಗಿದ್ದರೆ ಕೀಲಿ, ಎಷ್ಟು ಸಲ, ಯಾರೆದುರು, ಆಮೇಲೆ ಯಾರಿಗೆ ಹೇಳಿದರು ಅನ್ನುವುದು ಸುದ್ದಿಯಲ್ಲಿ ಬರಬೇಕು, ಅವರ ಮಾತಾಗಿಯೇ. ಅತ್ತೆಯ ಉದ್ದೇಶ ಏನಿತ್ತು ಎಂದು ವರದಿಗಾರರು ತೀರ್ಮಾನಿಸಬಾರದು. ಅತ್ತೆಗೇ ನಿಜವಾಗಿ ಮರೆತಿರಬಹುದು. ಒಂದು ಸಲದ ಜಗಳದಲ್ಲಿ ಇಬ್ಬರಿಗೆ ಎರಡು ನೆನಪಿರುವುದು ಸಹಜ, ಅದಕ್ಕೆ ಈ ಪದ ಬೇಡ.

ಮೊದಲ ಪ್ಯಾರಾ ಮತ್ತು ನಾಲ್ಕನೇ ಪ್ಯಾರಾ ಪೂರ್ತಿ ಹೊಸದಾಗಿ ಬರೆಯಿರಿ. ನಾಟಕದ ಪಠ್ಯ ಸಿಗುತ್ತದೆ, ಓದಿ. ದೀಪದ ಬಗ್ಗೆ ಬೆಲ್ಲಾ ರಫ್‌ಗೆ ಹೇಳುವ ಭಾಗವನ್ನು ಎರಡು ಸಲ ಓದಿ. ಎಣ್ಣೆ ಕಂಪನಿ ತೆಗೆದು ಅಲ್ಲಿ ಪೋಸ್ಟ್ ಆಫೀಸ್ ತನ್ನಿ. ಕೊನೆಯ ಎರಡು ಪ್ಯಾರಾ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ತಿಂಗಳ ಮೊದಲ ವಾರದೊಳಗೆ ಕಳಿಸಿದರೆ ನಾನೇ ಓದುತ್ತೇನೆ.